ಉಲ್ಹಾಸನಗರದ 79ನೇ ಕುರ್ಚಿ

ಉಲ್ಹಾಸನಗರ ಮಹಾನಗರ ಪಾಲಿಕೆಯಲ್ಲಿ 78 ನಗರಸೇವಕರ ಸ್ಥಾನಗಳಿವೆ. ಎಪ್ಪತ್ತೇಳೂ ಅಲ್ಲ, ಎಂಬತ್ತೂ ಅಲ್ಲ, ಎಪ್ಪತ್ತೆಂಟೇ ಯಾಕೆ ಎಂದು ಅಲ್ಲಿನ ಮತದಾರರು ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ. ಈ ಸಂಖ್ಯೆ ಯಾವ ಪಕ್ಷದ ಒತ್ತಾಯದಿಂದಲೂ ಬಂದದ್ದಲ್ಲ, ಸರಳ ಲೆಕ್ಕದಿಂದ ಬಂದದ್ದು. ಮಹಾರಾಷ್ಟ್ರದ ಮಹಾನಗರ ಪಾಲಿಕೆ ಕಾಯ್ದೆಯ ಪ್ರಕಾರ ಮೂರರಿಂದ ಆರು ಲಕ್ಷ ಜನರಿರುವ ನಗರಕ್ಕೆ ಕನಿಷ್ಠ 65 ಸ್ಥಾನ. ಮೂರು ಲಕ್ಷದ ಮೇಲೆ ಪ್ರತಿ 15 ಸಾವಿರ ಜನರಿಗೆ ಇನ್ನೊಂದು. 2011ರ ಜನಗಣತಿಯಲ್ಲಿ ಉಲ್ಹಾಸನಗರದ ಜನಸಂಖ್ಯೆ 5,06,098. ಮೂರು ಲಕ್ಷ ಕಳೆದು ಉಳಿದದ್ದನ್ನು 15 ಸಾವಿರದಿಂದ ಭಾಗಿಸಿದರೆ ಹದಿಮೂರು ಪೂರ್ತಿ ಸಿಗುತ್ತದೆ, ಸ್ವಲ್ಪ ಮಿಗುತ್ತದೆ. ಅರವತ್ತೈದಕ್ಕೆ ಹದಿಮೂರು ಕೂಡಿಸಿದರೆ ಎಪ್ಪತ್ತೆಂಟು. ಮಿಕ್ಕವರಿಗೆ ಕುರ್ಚಿಯಿಲ್ಲ. ಎಪ್ಪತ್ತೊಂಬತ್ತನೆಯ ಕುರ್ಚಿ ಬರಬೇಕಿದ್ದರೆ ನಗರದ ಲೆಕ್ಕ 5,10,000 ಮುಟ್ಟಬೇಕಿತ್ತು. ಕೊರತೆ ಬಿದ್ದದ್ದು 3,902 ತಲೆ.

ಈ 3,902 ಎಂಬುದನ್ನು ಸ್ವಲ್ಪ ಹಿಡಿದು ನೋಡಬೇಕು. ಜನಗಣತಿಯಲ್ಲಿ ಒಬ್ಬ ಗಣತಿದಾರರಿಗೆ ಕೊಡುವ ಪ್ರದೇಶವನ್ನು ಗಣತಿ ಬ್ಲಾಕ್ ಎನ್ನುತ್ತಾರೆ. ಸುಮಾರು ನೂರಿಪ್ಪತ್ತೈದು ನೂರೈವತ್ತು ಸಂಸಾರ, ಆರುನೂರರಿಂದ ಎಂಟುನೂರು ಜನ. ಇಂಥ ಆರು ಬ್ಲಾಕುಗಳಿಗೆ ಒಬ್ಬ ಮೇಲ್ವಿಚಾರಕ. ಅಂದರೆ ಉಲ್ಹಾಸನಗರದಲ್ಲಿ ಒಬ್ಬ ಮೇಲ್ವಿಚಾರಕರ ಕೈಕೆಳಗಿನ ಪ್ರದೇಶದಲ್ಲಿ ಎಷ್ಟು ಜನರಿರಬಹುದೋ ಹೆಚ್ಚುಕಡಿಮೆ ಅಷ್ಟು ಜನ ಕಡಿಮೆ ಬಿದ್ದಿದ್ದಾರೆ. 121 ಕೋಟಿ ಜನರನ್ನು ಎಣಿಸಿದ ದೇಶದಲ್ಲಿ ಇದೇನು ದೊಡ್ಡ ಸಂಗತಿ ಎಂದು ಕೇಳಬಹುದು. ದೇಶದ ಮೊತ್ತಕ್ಕೆ ದೊಡ್ಡದಲ್ಲ. ಆದರೆ ಸರ್ಕಾರಗಳು ದೇಶದ ಮೊತ್ತವನ್ನು ಬಳಸುವುದು ಭಾಷಣಗಳಲ್ಲಿ ಮಾತ್ರ. ಸ್ಥಾನ ಹಂಚುವಾಗ, ಮೀಸಲಾತಿ ನಿಗದಿ ಮಾಡುವಾಗ, ಅಕ್ಕಿ ಗೋಧಿ ಅಳೆಯುವಾಗ ಅವಕ್ಕೆ ಬೇಕಾಗುವುದು ಇಂಥ ಊರಿನಲ್ಲಿ, ಇಂಥ ವಾರ್ಡಿನಲ್ಲಿ ಎಷ್ಟು ಜನ ಎಂಬ ಲೆಕ್ಕ. ಹಾಗಾಗಿ ಜನಗಣತಿಯ ನಿಜವಾದ ಕಷ್ಟ ಎಣಿಸುವುದರಲ್ಲಿಲ್ಲ. ಯಾರನ್ನು ಎಲ್ಲಿ ಎಣಿಸಬೇಕು ಎಂಬುದರಲ್ಲಿದೆ. ಅರ್ಧಕ್ಕರ್ಧ ಜನ ಬೇರೆ ಊರಿನಿಂದ ಬಂದು ನೆಲೆಸಿದಂತೆ ಕಾಣುವ ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯ ಈ ಪಟ್ಟಿಯಲ್ಲಿ ಆ ಪ್ರಶ್ನೆಯೇ ಮಿಕ್ಕೆಲ್ಲವನ್ನೂ ನಿರ್ಧರಿಸುತ್ತದೆ ಎಂಬುದು ನನ್ನ ವಾದ.

ಉಲ್ಹಾಸನಗರ ಹುಟ್ಟಿದ್ದೇ ಬಂದವರಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಇದು ಕಲ್ಯಾಣ್ ಕ್ಯಾಂಪ್ ಎಂಬ ಸೇನಾ ಶಿಬಿರ. ದೇಶವಿಭಜನೆಯಾದ ಮೇಲೆ ಸಿಂಧ್‌ನಿಂದ ಬಂದ ನಿರಾಶ್ರಿತರನ್ನು ಸೈನಿಕರ ಬ್ಯಾರಕ್ಕುಗಳಲ್ಲಿ ಇಳಿಸಿದರು. 1949ರ ಆಗಸ್ಟ್‌ನಲ್ಲಿ ಗವರ್ನರ್ ಜನರಲ್ ರಾಜಾಜಿಯವರು ಇದಕ್ಕೆ ಉಲ್ಹಾಸನಗರ ಎಂದು ಹೆಸರಿಟ್ಟರು. ಜನರ ಬಾಯಲ್ಲಿ ಮಾತ್ರ ಇವತ್ತಿಗೂ ಕ್ಯಾಂಪ್ ಒಂದು, ಕ್ಯಾಂಪ್ ಎರಡು ಎಂದೇ ಐದರವರೆಗೆ. ಉದ್ದುದ್ದ ಬ್ಯಾರಕ್ಕುಗಳನ್ನು ಸಂಸಾರಗಳು ಪಾಲು ಮಾಡಿಕೊಂಡವು, ಪಾಲಿನ ಮೇಲೆ ಮಾಳಿಗೆ ಏರಿತು, ಕೆಳಗೆ ಅಂಗಡಿ ಬಂತು, ಹಿಂದೆ ಜೀನ್ಸ್ ಹೊಲಿಯುವ ಕಾರ್ಖಾನೆ ಬಂತು. ಅನಧಿಕೃತ ಕಟ್ಟಡಗಳು ಎಷ್ಟು ಹೆಚ್ಚಿದವೆಂದರೆ, ಅವುಗಳನ್ನು ಸಕ್ರಮಗೊಳಿಸಲು ಈ ಒಂದು ನಗರಕ್ಕೆಂದೇ 2006ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು. ಇಂಥ ಜಾಗದಲ್ಲಿ ಮನೆ ಎಂದರೆ ಯಾವುದು ಎಂದು ತೀರ್ಮಾನಿಸುವುದೇ ಗಣತಿದಾರರ ಮೊದಲ ಕೆಲಸ.

ಅದಕ್ಕೆ ಜನಗಣತಿಯಲ್ಲಿ ಒಂದು ವ್ಯಾಖ್ಯೆಯಿದೆ. ರಸ್ತೆಯಿಂದಲೋ ಸಾಮಾನ್ಯ ಅಂಗಳದಿಂದಲೋ ಮೆಟ್ಟಿಲಿನಿಂದಲೋ ಪ್ರತ್ಯೇಕ ಮುಖ್ಯ ಬಾಗಿಲಿದ್ದು, ಬೇರೆ ಘಟಕವೆಂದು ಬಳಕೆಯಲ್ಲಿದ್ದರೆ ಅದು ಗಣತಿ ಮನೆ. ಅದು ಅಂಗಡಿಯಾಗಿರಬಹುದು, ಗೋದಾಮಾಗಿರಬಹುದು, ಬೀಗ ಹಾಕಿದ ಖಾಲಿ ಫ್ಲಾಟ್ ಆಗಿರಬಹುದು. ಪರವಾನಗಿ ಇದೆಯೇ ಇಲ್ಲವೇ ಎಂದು ಕೇಳುವ ಅಧಿಕಾರ ಗಣತಿದಾರರಿಗಿಲ್ಲ, ಅವರಿಗೆ ಅದು ಬೇಕಾಗಿಯೂ ಇಲ್ಲ. ಆ ಮನೆಯೊಳಗೆ ಎಷ್ಟು ಸಂಸಾರ ಎಂಬುದನ್ನು ಒಲೆ ನೋಡಿ ಹೇಳುತ್ತಾರೆ. ಒಂದೇ ಅಡುಗೆಯಲ್ಲಿ ಉಣ್ಣುವವರು, ರಕ್ತಸಂಬಂಧ ಇರಲಿ ಬಿಡಲಿ, ಒಂದು ಸಂಸಾರ. ಅಣ್ಣತಮ್ಮಂದಿರೇ ಆದರೂ ಅಡುಗೆ ಬೇರೆಯಾದರೆ ಎರಡು. ಹೊಲಿಗೆ ಯಂತ್ರಗಳ ಮಧ್ಯೆ ಮಲಗಿ, ಬಾಡಿಗೆ ಹಂಚಿಕೊಂಡು ಒಟ್ಟಿಗೆ ಅನ್ನ ಬೇಯಿಸಿಕೊಳ್ಳುವ ಹತ್ತು ಹುಡುಗರೂ ಈ ಲೆಕ್ಕದಲ್ಲಿ ಒಂದು ಸಂಸಾರವೇ. ಅವರು ತಪ್ಪಿಹೋಗುವುದು ಎಲ್ಲಿ ಎಂದರೆ ಬಾಗಿಲಲ್ಲೇ. ಹೊರಗೆ ಕಾರ್ಖಾನೆಯ ಬೋರ್ಡು ಕಂಡ ಗಣತಿದಾರರು ‘ವಾಸಕ್ಕಲ್ಲ’ ಎಂದು ಬರೆದು ಮುಂದೆ ಹೋದರೆ, ಒಳಗೆ ಮಲಗುವ ಹತ್ತು ಜನರೂ ಆ ಒಂದು ಪದದ ಹಿಂದೆ ಮರೆಯಾಗುತ್ತಾರೆ.

ಹೀಗಾಗಬಾರದೆಂದೇ ಗಣತಿಯನ್ನು ಎರಡು ಸಲ ಮಾಡುತ್ತಾರೆ. ಮೊದಲ ಹಂತ ಮನೆಪಟ್ಟಿ. 2011ರ ಗಣತಿಗೆ ಇದು 2010ರ ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ ನಡೆಯಿತು. ಬ್ಲಾಕಿನ ಗಡಿ ನಡೆದು ನೋಡಿ, ಕೈಯಲ್ಲೇ ನಕ್ಷೆ ಬರೆದು, ಪ್ರತಿ ಕಟ್ಟಡಕ್ಕೂ ನಂಬರು ಕೊಟ್ಟು, ಗೋಡೆ ಯಾವುದರದು, ನೀರು ಎಲ್ಲಿಂದ, ಶೌಚಾಲಯ ಉಂಟೋ ಎಂದೆಲ್ಲ ಬರೆದುಕೊಳ್ಳುತ್ತಾರೆ. ಈ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟರೆ ನಡುವೆ ಯಾವ ಗಲ್ಲಿಯೂ ಬಿಟ್ಟುಹೋಗಿರಬಾರದು, ಯಾವ ಗಲ್ಲಿಯೂ ಎರಡು ನಕ್ಷೆಯಲ್ಲಿ ಇರಬಾರದು. ಎರಡನೇ ಹಂತದಲ್ಲಿ, 2011ರ ಫೆಬ್ರುವರಿ 9ರಿಂದ 28ರವರೆಗೆ, ತಲೆ ಎಣಿಕೆ. 28ರ ರಾತ್ರಿ ಸ್ಟೇಷನ್, ಫುಟ್‌ಪಾತ್, ಸೇತುವೆಯ ಕೆಳಗೆ ಮಲಗುವವರ ಲೆಕ್ಕ. ಮಾರ್ಚ್ 1ರಿಂದ 5ರವರೆಗೆ ಮತ್ತೆ ಮನೆಮನೆಗೆ ಹೋಗಿ ಈ ಮಧ್ಯೆ ಹುಟ್ಟಿದವರನ್ನು ಸೇರಿಸಿ, ಸತ್ತವರನ್ನು ಕಳೆಯುವುದು. ಲೆಕ್ಕವೆಲ್ಲ ನಿಲ್ಲುವುದು ಮಾರ್ಚ್ 1ರ ನಡುರಾತ್ರಿ ಸೊನ್ನೆ ಗಂಟೆಗೆ. ಹನ್ನೆರಡಕ್ಕೆ ಐದು ನಿಮಿಷ ಮುಂಚೆ ಹುಟ್ಟಿದ ಕೂಸು ಭಾರತದ ಜನಸಂಖ್ಯೆಯಲ್ಲಿದೆ, ಐದು ನಿಮಿಷ ತಡವಾಗಿ ಹುಟ್ಟಿದ್ದು ಇಲ್ಲ. ಈ ಕೆಲಸಕ್ಕೆ ಸುಮಾರು 27 ಲಕ್ಷ ಜನ ಬೇಕಾದರು, ಹೆಚ್ಚಿನವರು ಶಾಲಾ ಮೇಷ್ಟ್ರುಗಳು.

ಇನ್ನು ‘ಎಲ್ಲಿ’ ಎಂಬ ಪ್ರಶ್ನೆ. ನಿಯಮ ಕೇಳಲು ಸುಲಭ. ಗಣತಿಯ ಇಪ್ಪತ್ತು ದಿನಗಳಲ್ಲಿ ಸ್ವಲ್ಪ ದಿನವಾದರೂ ತನ್ನ ವಾಸದ ಮನೆಯಲ್ಲಿ ಇದ್ದವರನ್ನು ಆ ಮನೆಯಲ್ಲೇ ಬರೆಯಬೇಕು, ಗಣತಿದಾರರು ಬಂದ ಹೊತ್ತಿಗೆ ಅವರು ಎದುರಿಗೆ ಇಲ್ಲದಿದ್ದರೂ ಸರಿ. ಇಪ್ಪತ್ತು ದಿನವೂ ಹೊರಗಿದ್ದವರನ್ನು ಮನೆಯಲ್ಲಿ ಬರೆಯುವಂತಿಲ್ಲ, ಅವರು ಎಲ್ಲಿದ್ದರೋ ಅಲ್ಲಿ ಬರೆಯಬೇಕು. ಈಗ ವಿಜಯಪುರದ ಕಡೆಯ ಒಂದು ತಾಂಡಾದಿಂದ ಗಂಡ ಹೆಂಡತಿ ನವಿ ಮುಂಬಯಿಯ ಕಟ್ಟಡ ಕೆಲಸಕ್ಕೆ ಬಂದಿದ್ದಾರೆ ಎನ್ನೋಣ. ದೀಪಾವಳಿ ಮುಗಿಸಿ ಬಂದವರು ಮತ್ತೆ ಊರಿಗೆ ಹೋಗುವುದು ಬೇಸಗೆಗೆ. ಫೆಬ್ರುವರಿಯಲ್ಲಿ ಅವರು ಇರುವುದು ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ. ನಿಯಮದ ಪ್ರಕಾರ ಅವರು ನವಿ ಮುಂಬಯಿಯವರು. ಆದರೆ ತಾಂಡಾದಲ್ಲಿ ಗಣತಿಗೆ ಬಂದ ಮೇಷ್ಟ್ರ ಮುಂದೆ ಮನೆಯ ಹಿರಿಯರು ಅವರ ಹೆಸರನ್ನೂ ಸೇರಿಸಿ ಹೇಳುತ್ತಾರೆ. ಬಿಟ್ಟರೆ ರೇಷನ್ ಕಾರ್ಡಿನಿಂದ ಹೆಸರು ಹೋದೀತು, ಮನೆ ಮಂಜೂರಾಗುವಾಗ ತೊಡಕಾದೀತು ಎಂಬ ಹೆದರಿಕೆ. ಇತ್ತ ಶೆಡ್ಡಿಗೆ ಬಂದ ಗಣತಿದಾರರಿಗೆ ಕಂಟ್ರಾಕ್ಟರು ‘ಅವರೆಲ್ಲ ಊರಿನವರು, ಇಲ್ಲಿನವರಲ್ಲ’ ಎನ್ನುತ್ತಾನೆ. ಎರಡೂ ಕಡೆ ಹೇಳಿದ್ದು ಸುಳ್ಳೆಂದು ಯಾರಿಗೂ ಅನಿಸುವುದಿಲ್ಲ. ದೇಶದ ಮೊತ್ತದಲ್ಲಿ ವ್ಯತ್ಯಾಸವೂ ಕಾಣುವುದಿಲ್ಲ, ಒಂದು ಕಡೆ ಬಿಟ್ಟುಹೋದವರು ಇನ್ನೊಂದು ಕಡೆ ಸೇರಿದ್ದಾರಲ್ಲ! ವ್ಯತ್ಯಾಸವಾಗುವುದು ನವಿ ಮುಂಬಯಿಯ ನೀರಿನ ಲೆಕ್ಕದಲ್ಲಿ, ಆಸ್ಪತ್ರೆಯ ಹಾಸಿಗೆಯ ಲೆಕ್ಕದಲ್ಲಿ, ವಾರ್ಡಿನ ಗಾತ್ರದಲ್ಲಿ.

ಅದೇ ದಂಪತಿ ಸರಿಯಾಗಿ ನವಿ ಮುಂಬಯಿಯಲ್ಲೇ ಲೆಕ್ಕಕ್ಕೆ ಸೇರಿದರೂ ಇನ್ನೊಂದು ವಿಚಿತ್ರವಿದೆ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ, ಭೋವಿ ವಡ್ಡರೂ ಇದ್ದಾರೆ. ಮಹಾರಾಷ್ಟ್ರದಲ್ಲಿ ಈ ಎರಡೂ ಸಮುದಾಯಗಳು ವಿಮುಕ್ತ ಜಾತಿಗಳ ಪಟ್ಟಿಯಲ್ಲಿವೆ, ಪರಿಶಿಷ್ಟರಲ್ಲಿ ಇಲ್ಲ. ಜನಗಣತಿ ಅನುಸರಿಸುವುದು ವ್ಯಕ್ತಿಯನ್ನು ಎಣಿಸಿದ ರಾಜ್ಯದ ಪಟ್ಟಿಯನ್ನು. ಹಾಗಾಗಿ ಸೊಲ್ಲಾಪುರದ ಗಡಿ ದಾಟಿದ ಕೂಡಲೇ ಅವರು ಪರಿಶಿಷ್ಟರ ಅಂಕಣದಿಂದ ಹೊರಗೆ. ಪಾಲಿಕೆಯಲ್ಲಿ ಪರಿಶಿಷ್ಟರಿಗೆ ಎಷ್ಟು ಸ್ಥಾನ ಮೀಸಲು ಎಂಬುದು ಆ ಅಂಕಣದ ಪ್ರಮಾಣದ ಮೇಲೆ ನಿಂತಿದೆ. ಕಲ್ಯಾಣ ಲೋಕಸಭಾ ಕ್ಷೇತ್ರದೊಳಗಿನ ಆರು ವಿಧಾನಸಭಾ ಕ್ಷೇತ್ರಗಳಲ್ಲಿ ಅಂಬರನಾಥವೇ ಪರಿಶಿಷ್ಟರಿಗೆ ಮೀಸಲಾಯಿತು, ಪಕ್ಕದ ಉಲ್ಹಾಸನಗರ ಆಗಲಿಲ್ಲ ಎಂಬುದಕ್ಕೂ ಗಣತಿಯ ಈ ಅಂಕಣವೇ ಆಧಾರ. ಇದನ್ನು ಎಣಿಕೆಯ ತಪ್ಪು ಎನ್ನಲಾಗದು. ಕಾನೂನು ಹಾಗಿದೆ. ಬರುವ ಗಣತಿಯಲ್ಲಿ ಎಲ್ಲ ಜಾತಿಗಳ ಹೆಸರನ್ನೂ ಬರೆಸಿಕೊಳ್ಳುವುದಾಗಿ ಕೇಂದ್ರ ಸರ್ಕಾರ 2025ರಲ್ಲಿ ತೀರ್ಮಾನಿಸಿರುವುದರಿಂದ ಇವರ ಸಂಖ್ಯೆಯಾದರೂ ಬೇರೆಯಾಗಿ ಕಂಡೀತು. ಅದೂ ಹೆಸರು ಬರೆದುಕೊಳ್ಳುವ ಕ್ರಮ ಸರಿಯಿದ್ದರೆ ಮಾತ್ರ. 2011ರ ಸಾಮಾಜಿಕ ಆರ್ಥಿಕ ಜಾತಿ ಸಮೀಕ್ಷೆಯಲ್ಲಿ ಜನ ಹೇಳಿದ್ದನ್ನು ಹೇಳಿದಂತೆ, ಗಣತಿದಾರರಿಗೆ ಕೇಳಿಸಿದಂತೆ ಬರೆದುಕೊಂಡ ಪರಿಣಾಮ ದೇಶದಲ್ಲಿ 46 ಲಕ್ಷಕ್ಕೂ ಹೆಚ್ಚು ಜಾತಿ ಹೆಸರುಗಳು ಬಂದವು. ಕುಲ, ಬೆಡಗು, ಅಡ್ಡಹೆಸರು, ಕಾಗುಣಿತದ ವ್ಯತ್ಯಾಸ ಎಲ್ಲವೂ ಜಾತಿಯಾಗಿ ಕೂತವು. ಆ ಅಂಕಿಅಂಶ ಯಾವ ಉಪಯೋಗಕ್ಕೂ ಬರಲಿಲ್ಲ.

ಎಷ್ಟು ಜನ ಬಿಟ್ಟುಹೋದರು ಎಂದು ತಿಳಿಯುವುದಾದರೂ ಹೇಗೆ? ಇದಕ್ಕೆ ಗಣತಿ ಇಲಾಖೆಯೇ ತನ್ನ ಮೇಲೆ ತಾನು ಒಂದು ಪರೀಕ್ಷೆ ಮಾಡಿಕೊಳ್ಳುತ್ತದೆ. ಗಣತಿ ಮುಗಿದ ಕೆಲವು ತಿಂಗಳಿಗೆ ಅಲ್ಲಲ್ಲಿ ಕೆಲವು ಬ್ಲಾಕುಗಳನ್ನು ಚೀಟಿ ಎತ್ತಿದಂತೆ ಆರಿಸಿ, ಬೇರೆ ಸಿಬ್ಬಂದಿಯನ್ನು ಕಳಿಸಿ, ಮೊದಲಿನ ಪಟ್ಟಿ ತೋರಿಸದೆ ಹೊಸದಾಗಿ ಎಣಿಸುತ್ತಾರೆ. ಆಮೇಲೆ ಎರಡು ಪಟ್ಟಿಗಳನ್ನು ಹೆಸರಿಗೆ ಹೆಸರು ತಾಳೆ ನೋಡುತ್ತಾರೆ. ಎರಡರಲ್ಲೂ ಇರುವವರು, ಮೊದಲನೆಯದರಲ್ಲಿ ಮಾತ್ರ ಇರುವವರು, ಎರಡನೆಯದರಲ್ಲಿ ಮಾತ್ರ ಇರುವವರು ಎಂದು ಬೇರ್ಪಡಿಸಿದರೆ, ಎರಡರಲ್ಲೂ ಸಿಗದವರು ಎಷ್ಟಿರಬಹುದೆಂದೂ ಅಂದಾಜು ಮಾಡಬಹುದು. ಈ ತಾಳೆಯ ಗಣಿತವನ್ನು 1949ರಲ್ಲಿ ರೂಪಿಸಿದವರಲ್ಲಿ ಒಬ್ಬರು ಭಾರತದ ಸಿ. ಚಂದ್ರಶೇಖರನ್, ಇನ್ನೊಬ್ಬರು ಅಮೆರಿಕದ ಡೆಮಿಂಗ್. ಇವತ್ತಿಗೂ ಜಗತ್ತಿನ ಬಹಳಷ್ಟು ದೇಶಗಳು ಇದೇ ದಾರಿ ಹಿಡಿಯುತ್ತವೆ. 2011ರ ಗಣತಿಯನ್ನು ಹೀಗೆ ತಾಳೆ ನೋಡಿದಾಗ ಸಾವಿರಕ್ಕೆ ಸುಮಾರು 23 ಜನ ಬಿಟ್ಟುಹೋಗಿದ್ದಾರೆ ಎಂದು ತಿಳಿಯಿತು. ಇಷ್ಟು ದೊಡ್ಡ ದೇಶಕ್ಕೆ ಇದು ಕೆಟ್ಟ ಫಲಿತಾಂಶವಲ್ಲ. ಆದರೂ 23 ಎಂಬ ಈ ದೇಶದ ಸರಾಸರಿಯನ್ನೇ ಉಲ್ಹಾಸನಗರಕ್ಕೆ ಹಚ್ಚಿ ನೋಡಿ. ಐದು ಲಕ್ಷಕ್ಕೆ ಹನ್ನೊಂದು ಸಾವಿರದಷ್ಟು ಜನ. ಎಪ್ಪತ್ತೊಂಬತ್ತನೇ ಕುರ್ಚಿಗೆ ಬೇಕಾಗಿದ್ದುದು ನಾಲ್ಕು ಸಾವಿರ. ಉಲ್ಹಾಸನಗರದಲ್ಲಿ ಹೀಗೇ ಆಯಿತೆಂದು ನಾನು ಹೇಳುತ್ತಿಲ್ಲ, ಪರೀಕ್ಷೆಯ ಮಾದರಿ ಚಿಕ್ಕದಾದ್ದರಿಂದ ಒಂದೊಂದು ನಗರದ ಬಗ್ಗೆ ಅದು ಏನನ್ನೂ ಹೇಳಲಾರದು. ಸಾಮಾನ್ಯ ಪ್ರಮಾಣದ ತಪ್ಪೊಂದು ಎಷ್ಟು ದೂರ ಹೋಗಿ ತಲುಪುತ್ತದೆ ಎಂದು ತೋರಿಸಲು ಈ ಲೆಕ್ಕ ಸಾಕು. ಇನ್ನೊಂದು ಮಾತು: ಬಿಟ್ಟುಹೋದವರೆಷ್ಟು ಎಂದು ತಿಳಿದ ಮೇಲೂ ಪ್ರಕಟವಾದ ಅಂಕಿಯನ್ನು ತಿದ್ದುವುದಿಲ್ಲ. ಕಾನೂನಿನ ಕಣ್ಣಿಗೆ 5,06,098 ಎಂಬುದೇ ನಿಜ.

ಇಲ್ಲೊಂದು ಆಕ್ಷೇಪ ಬರುತ್ತದೆ. ಇಷ್ಟೆಲ್ಲ ಒದ್ದಾಟ ಯಾಕೆ, ಆಧಾರ್ ಇದೆ, ರೇಷನ್ ಕಾರ್ಡ್ ಇದೆ, ಮತದಾರರ ಪಟ್ಟಿ ಇದೆ, ಕಂಪ್ಯೂಟರ್ ಒತ್ತಿದರೆ ಜನಸಂಖ್ಯೆ ಬರುವುದಿಲ್ಲವೇ? ಕೆಲವು ದೇಶಗಳು ಹಾಗೆ ಮಾಡುತ್ತವೆ ಎಂಬುದು ನಿಜ. ಡೆನ್ಮಾರ್ಕ್, ಫಿನ್ಲೆಂಡ್‌ಗಳಲ್ಲಿ ಮನೆ ಬದಲಿಸಿದವರು ದಾಖಲೆಯನ್ನೂ ಬದಲಿಸುತ್ತಾರೆ, ಬದಲಿಸದಿದ್ದರೆ ಅವರ ದಿನನಿತ್ಯದ ಕೆಲಸ ನಡೆಯುವುದಿಲ್ಲ. ನಮ್ಮಲ್ಲಿ ಮನುಷ್ಯ ಬಂದರೂ ಕಾಗದ ಊರಲ್ಲೇ ಉಳಿಯುತ್ತದೆ. ಡೊಂಬಿವಲಿಯ ಹೊಟೇಲಿನಲ್ಲಿ ಇಪ್ಪತ್ತು ವರ್ಷದಿಂದ ದುಡಿಯುತ್ತಿರುವವರ ಮತ ಕುಂದಾಪುರದ ಕಡೆಯ ಬೂತಿನಲ್ಲಿರುವುದು, ಆಧಾರ್ ವಿಳಾಸ ತಂದೆಯ ಮನೆಯದಿರುವುದು ಹೊಸತೇನಲ್ಲ. ಕಾಗದ ಹೇಳುವುದು ಮನುಷ್ಯ ಯಾವ ಊರಿನವನು ಎಂದು. ಪಾಲಿಕೆಗೆ ಗೊತ್ತಾಗಬೇಕಾದದ್ದು ಅವನು ಯಾವ ನಲ್ಲಿಯ ನೀರು ಕುಡಿಯುತ್ತಾನೆ ಎಂದು. ಅದನ್ನು ಬಾಗಿಲು ತಟ್ಟಿಯೇ ಕೇಳಬೇಕು.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ಆಕ್ಷೇಪವಿದೆ. ಹತ್ತು ವರ್ಷಕ್ಕೊಮ್ಮೆ ಎಣಿಸಿದರೂ ನಡುವೆ ಅಂದಾಜು ಹಾಕಲೇಬೇಕು. ಹಾಗಿದ್ದ ಮೇಲೆ ಬೆಳವಣಿಗೆಯ ದರ ಹಿಡಿದು ಲೆಕ್ಕ ಮುಂದುವರಿಸಿದರೆ ಸಾಲದೇ? ಮಹಾರಾಷ್ಟ್ರದಲ್ಲಿ ಇದನ್ನು ಮಾಡಿ ನೋಡಿದ್ದಾರೆ. 2021ರಲ್ಲಿ ಆಗಬೇಕಿದ್ದ ಗಣತಿ ಕೋವಿಡ್‌ನಿಂದ ನಿಂತಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಆಗಿನ ಮಹಾವಿಕಾಸ್ ಅಘಾಡಿ ಸರ್ಕಾರ ಜನಸಂಖ್ಯೆ ಹೆಚ್ಚಿರಲೇಬೇಕೆಂದು ಊಹಿಸಿ, ಪಾಲಿಕೆ ಸ್ಥಾನಗಳನ್ನು ಶೇ 17ರಷ್ಟು ಹೆಚ್ಚಿಸಲು ತೀರ್ಮಾನಿಸಿತು. ಉಲ್ಹಾಸನಗರದ ಸಂಖ್ಯೆ 89ಕ್ಕೆ ಏರಿತು. 2022ರಲ್ಲಿ ಸರ್ಕಾರ ಬದಲಾಯಿತು, ಹೊಸ ಸರ್ಕಾರ ಗಣತಿಯ ಆಧಾರವಿಲ್ಲದ ಏರಿಕೆ ಸಲ್ಲದೆಂದು ಹಳೆಯ ಸಂಖ್ಯೆಗೆ ಮರಳಿತು. ಇದರ ಹಿಂದಿನ ರಾಜಕೀಯ ಲೆಕ್ಕಾಚಾರ ಎರಡೂ ಕಡೆಯವರಿಗೆ ಗೊತ್ತಿದ್ದದ್ದೇ. ರಾಜಕೀಯ ಬದಿಗಿಟ್ಟು ಅಂಕಿಯನ್ನಷ್ಟೇ ನೋಡಿದರೂ ಶೇ 17 ಎಂಬ ಒಂದೇ ದರ ನಿಲ್ಲುವುದಿಲ್ಲ. 2001ರಿಂದ 2011ರ ನಡುವೆ ಠಾಣೆ ಜಿಲ್ಲೆ ಶೇ 36ರಷ್ಟು ಬೆಳೆಯಿತು, ಒಂದು ಕೋಟಿ ಹತ್ತು ಲಕ್ಷ ಜನರೊಂದಿಗೆ ದೇಶದಲ್ಲೇ ಅತಿ ಹೆಚ್ಚು ಜನರಿರುವ ಜಿಲ್ಲೆಯಾಯಿತು. 2014ರಲ್ಲಿ ಪಾಲ್ಘರ್ ಅದರಿಂದ ಬೇರೆಯಾಯಿತು. ಆ ಹತ್ತು ವರ್ಷದಲ್ಲಿ ನವಿ ಮುಂಬಯಿ ಬೆಳೆದದ್ದು ಶೇ 59ರಷ್ಟು, ಠಾಣೆ ನಗರ ಸುಮಾರು 46. ಅದೇ ಜಿಲ್ಲೆಯ, ಅದೇ ರೈಲು ಹಾದಿಯ ಉಲ್ಹಾಸನಗರ? ಬರೀ ಶೇ 7. ಇನ್ನು ಜಾಗವೇ ಇಲ್ಲದಷ್ಟು ಕಟ್ಟಿ ಮುಗಿದ ಊರದು. ಜಿಲ್ಲೆಯ ದರವನ್ನು 2001ರ ಅಂಕಿಗೆ ಹಚ್ಚಿದ್ದರೆ ಉಲ್ಹಾಸನಗರದಲ್ಲಿ ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಬೆಳವಣಿಗೆ ಊಹಿಸಬೇಕಾಗಿತ್ತು, ಎಣಿಸಿದಾಗ ಸಿಕ್ಕಿದ್ದು 32 ಸಾವಿರ ಚಿಲ್ಲರೆ. ಅಂದಾಜು ರಾಜ್ಯದ ಮಟ್ಟದಲ್ಲಿ ನಡೆದೀತು, ವಾರ್ಡಿನ ಮಟ್ಟದಲ್ಲಿ ಅದು ಕಣ್ಣುಮುಚ್ಚಾಲೆ.

ಮಾದರಿ ಸಮೀಕ್ಷೆಗಳ ಮಾತೂ ಹೀಗೆಯೇ. ಕುಟುಂಬ ಆರೋಗ್ಯ ಸಮೀಕ್ಷೆಯಂಥವು ಒಂದು ಜಿಲ್ಲೆಗೆ ಸಾವಿರದ ಆಸುಪಾಸು ಮನೆಗಳಿಗೆ ಹೋಗಿ, ಜನಗಣತಿ ಕೇಳದ ಎಷ್ಟೋ ಸೂಕ್ಷ್ಮ ಪ್ರಶ್ನೆಗಳನ್ನು ಕೇಳುತ್ತವೆ. ಅವುಗಳ ಬೆಲೆ ನನಗೆ ಗೊತ್ತು. ಆದರೆ ಆ ಸಾವಿರ ಮನೆ ಯಾವುವು ಎಂದು ಆರಿಸಲು ಅವು ಬಳಸುವ ಮೂಲಪಟ್ಟಿ ಜನಗಣತಿಯದೇ. ಮೂಲ ಹಳತಾದಷ್ಟೂ, 2011ರಲ್ಲಿ ಹುಲ್ಲುಗಾವಲಾಗಿದ್ದು ಈಗ ಮೂವತ್ತು ಮಹಡಿಯ ಗೋಪುರಗಳಾಗಿರುವ ಜಾಗಗಳು ಆ ಆಯ್ಕೆಯಲ್ಲಿ ತಕ್ಕ ಪಾಲು ಪಡೆಯುವುದು ಕಷ್ಟವಾಗುತ್ತ ಹೋಗುತ್ತದೆ.

ಗಣತಿ ತಡವಾದದ್ದರಿಂದ ಆದ ನಷ್ಟ ರೇಷನ್ ಅಂಗಡಿಯ ಮುಂದೆ ಸ್ಪಷ್ಟವಾಗಿ ಕಾಣುತ್ತದೆ. 2013ರ ಆಹಾರ ಭದ್ರತಾ ಕಾಯ್ದೆ ದೇಶದ ಗ್ರಾಮೀಣರಲ್ಲಿ ಶೇ 75, ನಗರವಾಸಿಗಳಲ್ಲಿ ಶೇ 50ರಷ್ಟು ಜನರಿಗೆ ಅಗ್ಗದ ಧಾನ್ಯ ಕೊಡಬೇಕೆಂದು ಹೇಳಿತು. ಯಾರ ಶೇಕಡಾ? 2011ರಲ್ಲಿ ಎಣಿಸಿದವರ. ಮಹಾರಾಷ್ಟ್ರದ ನಗರಗಳಿಗೆ ಶೇ 45ರಷ್ಟು ಮಿತಿ ಬಂತು, ಇಡೀ ರಾಜ್ಯಕ್ಕೆ ಸುಮಾರು ಏಳು ಕೋಟಿ ಜನ ಎಂದು ಗೆರೆ ಎಳೆದರು. ಆಮೇಲೆ ಮಕ್ಕಳು ಹುಟ್ಟಿದರು, ಹೊಸಬರು ಬಂದರು, ಗೆರೆ ಅಲ್ಲೇ ನಿಂತಿತು. ಹೊಸ ಬಡ ಸಂಸಾರವೊಂದು ಒಳಗೆ ಬರಬೇಕಾದರೆ ಹಳಬರೊಬ್ಬರು ಹೊರಗೆ ಹೋಗಬೇಕು. ಕೇಂದ್ರದಿಂದ ರಾಜ್ಯಗಳಿಗೆ ತೆರಿಗೆ ಪಾಲು ಹಂಚುವ ಹಣಕಾಸು ಆಯೋಗಕ್ಕೂ ಇದೇ ಅಂಕಿಗಳು ಬೇಕು. ಹದಿನೈದನೇ ಆಯೋಗ 1971ರ ಜನಸಂಖ್ಯೆಯನ್ನು ಕೈಬಿಟ್ಟು 2011ರದನ್ನೇ ಹಿಡಿದದ್ದನ್ನು, ಕರ್ನಾಟಕದ ಪಾಲು ಶೇ 4.71ರಿಂದ 3.65ಕ್ಕೆ ಇಳಿದದ್ದನ್ನು ಕನ್ನಡ ಓದುಗರು ಮರೆತಿರಲಾರರು. ಇಳಿಕೆಗೆ ಜನಸಂಖ್ಯೆಯೊಂದೇ ಕಾರಣವಲ್ಲ, ತಲಾ ಆದಾಯದ ಲೆಕ್ಕ ಅದಕ್ಕಿಂತ ಹೆಚ್ಚು ತೂಗಿತು. ಲೋಕಸಭೆಯ ಸ್ಥಾನ ಹಂಚಿಕೆ 1971ರ ಗಣತಿಗೆ ಗಂಟು ಬಿದ್ದು ಕೂತಿರುವುದು ಇನ್ನೊಂದು ಕಥೆ. 2001ರ ತಿದ್ದುಪಡಿಯಂತೆ ಆ ಗಂಟಿನ ಅವಧಿ 2026ರ ನಂತರದ ಮೊದಲ ಗಣತಿಯ ತನಕ. ಕರ್ನಾಟಕ ಬಿಟ್ಟು ಠಾಣೆಗೆ ಬಂದವರನ್ನು ಲೆಕ್ಕಕ್ಕೆ ಹಿಡಿಯುವುದು ಮಹಾರಾಷ್ಟ್ರದಲ್ಲಿ ಎಂಬುದನ್ನು ಆ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ.

ಭಾಷೆಯ ಅಂಕಣದ ಬಗ್ಗೆ ಈ ಕಡೆಯ ಕನ್ನಡಿಗರಿಗೆ ವಿಶೇಷ ಆಸಕ್ತಿಯಿದೆ, ಇರಬೇಕಾದದ್ದೇ. ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆ ಎಂದವರು 2001ರಲ್ಲಿ ಹನ್ನೆರಡೂವರೆ ಲಕ್ಷ, 2011ರಲ್ಲಿ ಹತ್ತು ಲಕ್ಷ. ದೇಶದಲ್ಲಿ ಕನ್ನಡಿಗರ ಸಂಖ್ಯೆ ಹೆಚ್ಚಿದ ದಶಕದಲ್ಲೇ ಇಲ್ಲಿ ಐದರಲ್ಲೊಂದು ಪಾಲು ಕುಗ್ಗಿತು. ಇದನ್ನು ಕಂಡು ಎರಡೂವರೆ ಲಕ್ಷ ಜನ ಊರಿಗೆ ಮರಳಿದರು ಎನ್ನುವಂತಿಲ್ಲ. ಗಣತಿಯ ಪ್ರಕಾರ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಆಡಿದ ಭಾಷೆ, ಗಣತಿದಾರರು ಹೇಳಿದ್ದನ್ನು ಹೇಳಿದಂತೆ ಬರೆಯಬೇಕು. ಠಾಣೆಯಲ್ಲೇ ಹುಟ್ಟಿ ಬೆಳೆದ ಮಗಳು ಮನೆಯಲ್ಲಿ ಕನ್ನಡ ಕೇಳುತ್ತ ಬೆಳೆದಿದ್ದರೂ, ಬಾಗಿಲಲ್ಲಿ ಮರಾಠಿಯಲ್ಲೇ ಕೇಳಿದ ಪ್ರಶ್ನೆಗೆ ‘ಮರಾಠಿ’ ಎಂದುಬಿಡುವುದು ಸಾಧ್ಯ. ಮನೆಯ ಯಜಮಾನ ಎಲ್ಲರ ಪರವಾಗಿ ಒಂದೇ ಉತ್ತರ ಕೊಟ್ಟುಬಿಡುವುದೂ ಸಾಧ್ಯ. ತುಳುವರನ್ನು ಬೇರೆಯಾಗಿ ಎಣಿಸುತ್ತಾರೆ. ಲಂಬಾಣಿ ಎಂದವರನ್ನು ಪ್ರಕಟಣೆಯ ಹೊತ್ತಿಗೆ ಹಿಂದಿಯ ಗುಂಪಿಗೆ ಸೇರಿಸುತ್ತಾರೆ. ಉಲ್ಹಾಸನಗರದ ಸಿಂಧಿಗಳಿಗೆ ರಾಜ್ಯವೇ ಇಲ್ಲ, 1967ರಲ್ಲಿ ಎಂಟನೇ ಪರಿಚ್ಛೇದ ಸೇರಿದ ಅವರ ಭಾಷೆ ಎಲ್ಲೆಲ್ಲಿ ಎಷ್ಟು ಉಳಿದಿದೆ ಎಂದು ದೇಶಕ್ಕೆ ತಿಳಿಸುವ ದಾಖಲೆ ಈ ಅಂಕಣವೊಂದೇ. ಕನ್ನಡ ಶಾಲೆ ಬೇಕು ಎಂದು ಅರ್ಜಿ ಹಿಡಿದು ಹೋಗುವವರಿಗೂ ಕೊನೆಗೆ ತೋರಿಸಲು ಇರುವುದು ಇದೇ. 2011ರ ಭಾಷಾ ಕೋಷ್ಟಕ ಹೊರಬಿದ್ದದ್ದು 2018ರಲ್ಲಿ, ವಲಸೆಯ ಕೋಷ್ಟಕ ಅದಕ್ಕೂ ಆಮೇಲೆ. ಅಂದರೆ ಲೆಕ್ಕ ಕೈಗೆ ಬರುವಾಗಲೇ ಹಳಸಿತ್ತು. ಈ ಸಲ ಮೊಬೈಲ್ ಆ್ಯಪ್‌ನಲ್ಲಿ ಬರೆದುಕೊಳ್ಳುವುದರಿಂದ ಈ ವಿಳಂಬವಾದರೂ ತಗ್ಗಬೇಕು.

ಕೊನೆಯ ಆಕ್ಷೇಪ ಹೆದರಿಕೆಯದು. ಹೇಳಿದ್ದೆಲ್ಲ ಪಾಲಿಕೆಗೆ ಹೋಗಿ ಮೇಲಿನ ಮಾಳಿಗೆ ಕೆಡವಿದರೆ? ತೆರಿಗೆಯವರು ಬಂದರೆ? 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ವ್ಯಕ್ತಿಯ ಗಣತಿ ದಾಖಲೆಯನ್ನು ಯಾರೂ ನೋಡುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ಬಳಸುವಂತಿಲ್ಲ. ಕಾಯ್ದೆಯ ಮಟ್ಟಿಗೆ ರಕ್ಷಣೆ ಗಟ್ಟಿಯಾಗಿದೆ. ಜನರ ಅನುಮಾನ ಪೂರ್ತಿ ಆಧಾರವಿಲ್ಲದ್ದೂ ಅಲ್ಲ. 2010ರಲ್ಲಿ ಮನೆಪಟ್ಟಿಯ ಜೊತೆಯಲ್ಲೇ ರಾಷ್ಟ್ರೀಯ ಜನಸಂಖ್ಯಾ ನೋಂದಣಿಯನ್ನೂ ಮಾಡಿದರು. ಅದು ಪೌರತ್ವ ಕಾಯ್ದೆಯ ಕೆಳಗಿನ ಕೆಲಸ, 15ನೇ ಕಲಮಿನ ಕಾವಲು ಅದಕ್ಕಿಲ್ಲ. ಒಬ್ಬರೇ ಮೇಷ್ಟ್ರು, ಒಂದೇ ಬಾಗಿಲಲ್ಲಿ, ಎರಡು ಕಾಯ್ದೆಗಳ ಕಾಗದ ತುಂಬಿಸಿಕೊಂಡರೆ ಜನರಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ಗಣತಿಗೆ ಸತ್ಯ ಬೇಕಿದ್ದರೆ ಅದರ ಜೊತೆ ಇನ್ನೇನನ್ನೂ ಕಟ್ಟಬಾರದು.

ಮುಂದಿನ ತಲೆ ಎಣಿಕೆ 2027ರ ಫೆಬ್ರುವರಿಯಲ್ಲಿ, ಲೆಕ್ಕ ನಿಲ್ಲುವ ಕ್ಷಣ ಮಾರ್ಚ್ 1ರ ಸೊನ್ನೆ ಗಂಟೆ. ಈ ಸಲ ಮನೆಯವರೇ ಆನ್‌ಲೈನಿನಲ್ಲಿ ವಿವರ ತುಂಬುವ ಅವಕಾಶವೂ ಇದೆ. ಬೆಳಗಿನ ಲೋಕಲ್ ಹಿಡಿದು ಗಂಡ ಹೆಂಡತಿ ಇಬ್ಬರೂ ಹೊರಟುಹೋಗುವ ಮನೆಗಳಿಗೆ ಇದರಿಂದ ಅನುಕೂಲ. ತಗಡಿನ ಶೆಡ್ಡಿನವರಿಗೆ, ಹೊಲಿಗೆ ಯಂತ್ರದ ಪಕ್ಕ ಮಲಗುವವರಿಗೆ ಇದರಿಂದ ಏನೂ ಆಗದು. ಅವರ ಬಾಗಿಲು ಯಾವುದೆಂದು ಗಣತಿದಾರರಿಗೆ ತೋರಿಸಬೇಕಾದವರು ಮಾಲೀಕರು, ಕಂಟ್ರಾಕ್ಟರುಗಳು, ಸೊಸೈಟಿಯ ಕಾರ್ಯದರ್ಶಿಗಳು. ಕನ್ನಡ ಸಂಘಗಳೂ ಈ ಕೆಲಸಕ್ಕೆ ಎರಡು ಭಾನುವಾರ ಕೊಡಬಹುದು. ಊರಿನಲ್ಲಿ ಅಣ್ಣನೋ ಅಪ್ಪನೋ ಇದ್ದರೆ ಈಗಲೇ ಫೋನ್ ಮಾಡಿ, ಫೆಬ್ರುವರಿಯಲ್ಲಿ ಗಣತಿಯವರು ಬಂದಾಗ ನಮ್ಮ ಹೆಸರು ಅಲ್ಲಿ ಬರೆಸಬೇಡಿ, ನಾವು ಇಲ್ಲೇ ಬರೆಸುತ್ತೇವೆ ಎಂದು ಹೇಳಿಬಿಡಿ. ಅಲ್ಲಿ ಬರೆಸದಿದ್ದರೆ ರೇಷನ್ ಕಾರ್ಡಿನಿಂದ ಯಾರ ಹೆಸರೂ ಹೋಗುವುದಿಲ್ಲ. ಜನಗಣತಿಯ ಕಾಗದ ಆಹಾರ ಇಲಾಖೆಗೆ ಹೋಗುವುದೇ ಇಲ್ಲ.